ಹನ್ನೆರಡು ಸಾವಿರದ ಬಿಲ್ಲು, ಏಳು ಸಾವಿರದ ಕ್ಲೇಮು: ಒಂದು ಕಾರು ವಿಮೆಯ ಪ್ರಕರಣ

ಈ ಪ್ರಕರಣದ ಕಾರಿನ ಒಡತಿ ಮಲೆನಾಡಿನ ಅಂಚಿನ ಒಂದು ಜಿಲ್ಲಾ ಕೇಂದ್ರದಲ್ಲಿ ಉಪನ್ಯಾಸಕಿ. ಹೆಸರು, ಊರು, ಕಾರಿನ ಮಾದರಿ, ವಿಮಾ ಕಂಪನಿ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಲೆಕ್ಕ ಸುಲಭವಾಗಲೆಂದು ಬಿಲ್ಲಿನ ಮೊತ್ತಗಳನ್ನು ಹತ್ತಿರದ ನೂರಕ್ಕೆ ಸರಿಮಾಡಿದ್ದೇವೆ. ಬಿಲ್ಲಿನ ಸಾಲುಗಳಲ್ಲಿ ತೆರಿಗೆ ಸೇರಿದೆ. ಪ್ರೀಮಿಯಂ ಅಂಕಿಗಳಿಗೆ 18 ಶೇಕಡಾ ಜಿಎಸ್‌ಟಿಯನ್ನು ಕೊನೆಯಲ್ಲಿ ಸೇರಿಸಿದ್ದೇವೆ.

ಹಿನ್ನೆಲೆ

ಕಾರು 1197 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2019ರ ಜೂನ್‌ನಲ್ಲಿ ಕೊಂಡದ್ದು. ಐದು ವರ್ಷ ತುಂಬುತ್ತ ಬಂದಿದ್ದರೂ ಒಂದೇ ಒಂದು ಕ್ಲೇಮ್ ಮಾಡಿರಲಿಲ್ಲ. ಹಾಗಾಗಿ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ, ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಮೊದಲ ನವೀಕರಣದಲ್ಲಿ 20 ಶೇಕಡಾ, ಆಮೇಲೆ 25, 35, 45. 2024ರ ಜೂನ್ ನವೀಕರಣಕ್ಕೆ 50 ಸಿಗಬೇಕಿತ್ತು. ಅದೇ ಕೊನೆಯ ಮೆಟ್ಟಿಲು. ಅಲ್ಲಿಂದ ಮುಂದೆ ಎಷ್ಟು ವರ್ಷ ಕ್ಲೇಮ್ ಮಾಡದಿದ್ದರೂ ಏರುವುದಿಲ್ಲ. ಆದರೆ ಒಂದು ಕ್ಲೇಮ್ ಆದರೆ ಸಾಕು, ನೇರವಾಗಿ ಸೊನ್ನೆಗೆ ಇಳಿದು ಮತ್ತೆ 20ರಿಂದ ಹತ್ತಬೇಕು.

ಈ ರಿಯಾಯಿತಿ ಸಿಗುವುದು ಪ್ರೀಮಿಯಂನ ಒಂದು ಭಾಗಕ್ಕೆ ಮಾತ್ರ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಪಾಲಿಸಿಯಲ್ಲಿ ಎರಡು ಮುಖ್ಯ ಸಾಲುಗಳಿರುತ್ತವೆ. ಒಂದು, ನಮ್ಮ ಗಾಡಿಗೆ ಆಗುವ ಹಾನಿಗೆ ಕಟ್ಟುವ ‘ಓನ್ ಡ್ಯಾಮೇಜ್’ ಪ್ರೀಮಿಯಂ. ಇನ್ನೊಂದು, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ. ಎರಡನೆಯದು ಸರ್ಕಾರ ನಿಗದಿ ಮಾಡಿದ ದರ. 2022ರ ಜೂನ್‌ನಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಈ ಅಳತೆಯ ಕಾರಿಗೆ 3,416 ರೂಪಾಯಿ. ಅದಕ್ಕೆ ಎನ್‌ಸಿಬಿ ಇಲ್ಲ. ‘ಅರ್ಧ ಪ್ರೀಮಿಯಂ ಉಳಿಯತ್ತೆ’ ಎಂದು ಯಾರಾದರೂ ಹೇಳಿದರೆ, ಅರ್ಧವಾಗುವುದು ಓನ್ ಡ್ಯಾಮೇಜ್ ಸಾಲು ಮಾತ್ರ ಎಂದುಕೊಳ್ಳಬೇಕು. ಈ ಕಾರಿಗೆ ಆ ಸಾಲು, ಬೋನಸ್ ಕಳೆಯುವ ಮುನ್ನ, 7,200 ರೂಪಾಯಿ ಇತ್ತು. ಮುಂದಿನ ಲೆಕ್ಕವೆಲ್ಲ ಈ 7,200ರ ಸುತ್ತಲೇ ತಿರುಗುತ್ತದೆ.

ಸಮಸ್ಯೆ

2024ರ ಜನವರಿಯಲ್ಲಿ ಪಾರ್ಕಿಂಗ್ ಕಂಬಕ್ಕೆ ಉಜ್ಜಿ ಹಿಂದಿನ ಬಂಪರ್‌ನ ಬಲಮೂಲೆ ಸೀಳಿತ್ತು. ‘ನೋಡೋಣ’ ಎಂದು ಹಾಗೆಯೇ ಓಡಿಸಿದರು. ಏಪ್ರಿಲ್‌ನಲ್ಲಿ ಮನೆಯ ಗೇಟು ಗಾಳಿಗೆ ಬಡಿದು ಎಡಗಡೆಯ ಹಿಂಬಾಗಿಲು ಒಳಕ್ಕೆ ತಗ್ಗಾಯಿತು. ಆಗ ಕಾರನ್ನು ಶೋರೂಂ ವರ್ಕ್‌ಶಾಪಿಗೆ ಒಯ್ದರು. ಎಸ್ಟಿಮೇಟ್ 12,000 ರೂಪಾಯಿ ಬಂತು. ಹೊಸ ಬಂಪರ್ 3,600, ಅದರ ಕ್ಲಿಪ್ಪು ಸ್ಕ್ರೂಗಳಿಗೆ 400, ಬಿಚ್ಚಿ ಕೂರಿಸುವ ಕೂಲಿ 800, ಬಾಗಿಲಿನ ಟಿಂಕರಿಂಗ್ 2,000, ಎರಡಕ್ಕೂ ಪೇಂಟಿಂಗ್ 5,200.

ಸರ್ವೀಸ್ ಅಡ್ವೈಸರ್ ಮಾತು ಸರಳವಾಗಿತ್ತು: “ಮೇಡಂ, ಝೀರೋ ಡೆಪ್ ಇದ್ಯಲ್ಲ, ಕ್ಲೇಮ್ ಮಾಡ್ಬಿಡಿ. ಎರಡೂ ಒಂದೇ ಸಲ ಆಗಿದ್ದು ಅಂತ ಬರ್ಕೊಳ್ತೀನಿ. ನಿಮ್ ಕೈಯಿಂದ ಸಾವಿರ ರೂಪಾಯಿ ಅಷ್ಟೇ.” ಅಲ್ಲೇ ನಿಂತು ಸಹಾಯವಾಣಿಗೆ ಫೋನ್ ಮಾಡಿಸಿದರು. ಕ್ಲೇಮ್ ನಂಬರ್ ಮೊಬೈಲಿಗೆ ಬಂತು. ಮರುದಿನ ಹಾನಿಯನ್ನು ಅಳೆಯುವ ಸರ್ವೇಯರ್ ಬರುವುದಿತ್ತು.

ಅಡ್ವೈಸರ್ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಅವನ್ನು ಹಿಡಿದದ್ದೇ ಈ ಪ್ರಕರಣದ ಮೊದಲ ತಿರುವು.

ಪಾಲಿಸಿ ತೆರೆದು ನೋಡಿದಾಗ

ಆ ರಾತ್ರಿ ಅವರು ಪಾಲಿಸಿಯ ಪಿಡಿಎಫ್ ತೆರೆದರು. ಮೊದಲ ಪುಟಗಳಲ್ಲಿ ಬರುವ ಪ್ರೀಮಿಯಂ ಲೆಕ್ಕದ ಕೋಷ್ಟಕದಲ್ಲಿ, ಮೂಲ ಪಾಲಿಸಿಯ ಮೇಲೆ ಹೆಚ್ಚುವರಿಯಾಗಿ ಕೊಂಡ ಪ್ರತಿಯೊಂದು ಆ್ಯಡ್-ಆನ್‌ಗೂ ಒಂದು ಸಾಲು, ಅದರ ಮುಂದೆ ಮೊತ್ತ ಇರುತ್ತದೆ. ಅವರ ಪಾಲಿಸಿಯಲ್ಲಿ ಝೀರೋ ಡೆಪ್ರಿಸಿಯೇಷನ್ ಸಾಲೇ ಇರಲಿಲ್ಲ. ಮೊದಲ ನಾಲ್ಕು ವರ್ಷ ಇತ್ತು. 2023ರಲ್ಲಿ ಆನ್‌ಲೈನ್‌ನಲ್ಲಿ ತಾವೇ ನವೀಕರಿಸುವಾಗ ಕಡಿಮೆ ಬೆಲೆಯ ಆಯ್ಕೆ ಒತ್ತಿದ್ದರು, ಅದರಲ್ಲಿ ಅದು ಬಿಟ್ಟುಹೋಗಿತ್ತು. ವರ್ಕ್‌ಶಾಪಿನವರು ಹಳೆಯ ದಾಖಲೆ ನೋಡಿ ಹೇಳಿದ್ದರು.

ಝೀರೋ ಡೆಪ್ ಇಲ್ಲದಿದ್ದರೆ ಬಿಲ್ಲಿನ ಮೊತ್ತವನ್ನು ಕಂಪನಿ ಇಡಿಯಾಗಿ ಕೊಡುವುದಿಲ್ಲ. ಬದಲಾಯಿಸಿದ ಭಾಗಗಳಿಗೆ ಸವಕಳಿ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಕಾರು ಎಷ್ಟೇ ಹೊಸದಿರಲಿ 50 ಶೇಕಡಾ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ತಕ್ಕಂತೆ: ನಾಲ್ಕರಿಂದ ಐದು ವರ್ಷದ ನಡುವೆ 35, ಐದು ದಾಟಿದರೆ 40. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಎಣಿಸಿ, ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಕಡಿತವಿಲ್ಲ. ಇವೆಲ್ಲದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ರೂಪಾಯಿ ಕಡ್ಡಾಯ ಕಡಿತ. ಅಡ್ವೈಸರ್ ಹೇಳಿದ ‘ಸಾವಿರ ರೂಪಾಯಿ’ ಇದೇ. ಝೀರೋ ಡೆಪ್ ಇದ್ದರೂ ಇದು ತಪ್ಪುವುದಿಲ್ಲ.

ಅವರ ಬಿಲ್ಲಿಗೆ ಇದನ್ನು ಹಚ್ಚಿದರೆ ಬಂಪರ್‌ನಲ್ಲಿ 1,800 ಹೋಯಿತು. ಕ್ಲಿಪ್ಪು ಸ್ಕ್ರೂಗಳ 400 ಪೂರ್ತಿ ಹೋಯಿತು. ಅವನ್ನು ಬಳಕೆ ಸಾಮಗ್ರಿ ಎಂದು ಎಣಿಸುವುದರಿಂದ ಬೇರೆ ಆ್ಯಡ್-ಆನ್ ಇಲ್ಲದೆ ಸಿಗುವುದಿಲ್ಲ. ಪೇಂಟಿಂಗ್‌ನಲ್ಲಿ 650, ಕಡ್ಡಾಯ ಕಡಿತ 1,000. ಒಟ್ಟು 3,850 ರೂಪಾಯಿ ಅವರ ಕೈಯಿಂದ, ಕಂಪನಿಯಿಂದ 8,150.

ಇದೂ ಎರಡು ಹಾನಿಯನ್ನು ಒಂದೇ ಘಟನೆ ಎಂದು ಬರೆದರೆ ಮಾತ್ರ. ಎರಡನೆಯ ತಪ್ಪು ಅಲ್ಲಿದೆ. ಜನವರಿಯ ಕಂಬ ಬೇರೆ, ಏಪ್ರಿಲ್‌ನ ಗೇಟು ಬೇರೆ. ಬೇರೆ ಬೇರೆ ಘಟನೆಗೆ ಬೇರೆ ಬೇರೆ ಕ್ಲೇಮ್, ಪ್ರತಿಯೊಂದಕ್ಕೂ ಸಾವಿರದ ಕಡಿತ. ಹಾಗೆ ನೇರವಾಗಿ ಮಾಡಿದ್ದರೆ ಬಂಪರ್‌ಗೆ 3,700, ಬಾಗಿಲಿಗೆ 3,450, ಒಟ್ಟು 7,150 ಮಾತ್ರ ಬರುತ್ತಿತ್ತು. ಮೂರು ತಿಂಗಳ ಹಿಂದಿನ ಬಂಪರ್ ಬಗ್ಗೆ ತಡವಾಗಿ ತಿಳಿಸಿದ್ದೇಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು.

ಒಂದೇ ಘಟನೆ ಎಂದು ಬರೆದರೆ ಸರ್ವೇಯರ್‌ಗೆ ಗೊತ್ತಾಗುವುದಿಲ್ಲವೇ? ಬಹುಮಟ್ಟಿಗೆ ಗೊತ್ತಾಗುತ್ತದೆ. ಹಳೆಯ ಗೀರಿನೊಳಗೆ ಧೂಳು, ಮೇಣ, ತೊಳೆದ ನೀರಿನ ಕಲೆ ಕೂತಿರುತ್ತದೆ. ಹೊಸ ಗೀರಿನ ಅಂಚು ಹರಿತವಾಗಿ ಬಿಳಿಚಿಕೊಂಡಿರುತ್ತದೆ. ಒಂದು ಬಲಕ್ಕೆ, ಒಂದು ಎಡಕ್ಕೆ. ಒಂದರಲ್ಲಿ ಕಂಬದ ಸಿಮೆಂಟಿನ ಪುಡಿ, ಇನ್ನೊಂದರಲ್ಲಿ ಗೇಟಿನ ಹಸಿರು ಬಣ್ಣ. ಒಂದೇ ಡಿಕ್ಕಿಯಲ್ಲಿ ಇವೆರಡೂ ಆಗುವುದು ಹೇಗೆ ಎಂದು ಕೇಳಿದರೆ ಹೇಳಲು ಉತ್ತರವಿರುವುದಿಲ್ಲ. ಸುಳ್ಳು ವಿವರ ಎಂದು ದಾಖಲಾದರೆ ಇಡೀ ಕ್ಲೇಮ್ ಹೋಗಬಹುದು. ಸಾವಿರ ರೂಪಾಯಿ ಉಳಿಸಲು ಹೋಗಿ ಅಷ್ಟು ದೊಡ್ಡ ಅಪಾಯಕ್ಕೆ ಕೈಹಾಕುವುದು ಲೆಕ್ಕದ ದೃಷ್ಟಿಯಿಂದಲೇ ದಡ್ಡತನ, ಪ್ರಾಮಾಣಿಕತೆಯ ಮಾತು ಆಮೇಲೆ.

ಬೋನಸ್‌ನ ನಿಜವಾದ ಬೆಲೆ

ಕ್ಲೇಮ್ ಮಾಡಿದರೆ ಈ ಸಲದ 50 ಶೇಕಡಾ ಹೋಗುತ್ತದೆ, ಅಂದರೆ 3,600 ನಷ್ಟ ಎಂದು ಅವರು ಮೊದಲು ಅಂದುಕೊಂಡಿದ್ದರು. ಹಾಗಿದ್ದರೆ 7,150 ಪಡೆಯುವುದೇ ಲಾಭ. ಆದರೆ ನಷ್ಟ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಮತ್ತೆ 50ರ ಮೆಟ್ಟಿಲಿಗೆ ಹತ್ತುವ ತನಕ ಪ್ರತಿ ವರ್ಷವೂ ಒಂದಿಷ್ಟು ಜಾಸ್ತಿ ಕಟ್ಟುತ್ತಿರಬೇಕು. ಕಾರಿನ ಬೆಲೆ ಇಳಿದಂತೆ ಓನ್ ಡ್ಯಾಮೇಜ್ ಪ್ರೀಮಿಯಂ ಸ್ವಲ್ಪ ಸ್ವಲ್ಪ ಇಳಿಯುತ್ತದೆ ಎಂದು ಅಂದಾಜಿಸಿ ಮಾಡಿದ ಲೆಕ್ಕ ಇದು:

| ನವೀಕರಣ | ಪ್ರೀಮಿಯಂ, ಬೋನಸ್‌ಗೆ ಮುನ್ನ | ಕ್ಲೇಮ್ ಇಲ್ಲದಿದ್ದರೆ | ಕ್ಲೇಮ್ ಮಾಡಿದರೆ | ಹೆಚ್ಚು ಕಟ್ಟುವುದು |
|---|---|---|---|---|
| 2024 | 7,200 | 50% | 0% | 3,600 |
| 2025 | 6,600 | 50% | 20% | 1,980 |
| 2026 | 6,100 | 50% | 25% | 1,525 |
| 2027 | 5,700 | 50% | 35% | 855 |
| 2028 | 5,300 | 50% | 45% | 265 |

ಒಟ್ಟು 8,225. ಜಿಎಸ್‌ಟಿ ಸೇರಿಸಿದರೆ ಸುಮಾರು 9,700 ರೂಪಾಯಿ. ಕಂಪನಿಯಿಂದ ಬರುವುದು 7,150. ಕ್ಲೇಮ್ ಮಾಡಿದರೆ ಎರಡೂವರೆ ಸಾವಿರ ನಷ್ಟ.

ಈ ಲೆಕ್ಕವನ್ನು ಯಾರು ಬೇಕಾದರೂ ಬೆರಳೆಣಿಕೆಯಲ್ಲಿ ಮಾಡಬಹುದು. ಪ್ರೀಮಿಯಂ ಇಳಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, 50ರ ಮೆಟ್ಟಿಲಿನಲ್ಲಿರುವವರು ಒಂದು ಕ್ಲೇಮಿನಿಂದ ಕಳೆದುಕೊಳ್ಳುವುದು ಬೋನಸ್‌ಗೆ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು, ಐದು ವರ್ಷದಲ್ಲಿ. ಮುಂದಿನ ನವೀಕರಣಕ್ಕೆ 45 ಸಿಗಬೇಕಿರುವವರಿಗೆ 120 ಶೇಕಡಾ, 35 ಸಿಗಬೇಕಿರುವವರಿಗೆ 105, 25ರವರಿಗೆ 80. ಮೊದಲ 20 ಈಗಷ್ಟೇ ಸಿಗಬೇಕಿರುವವರಿಗೆ ಬರೀ 50. ಅಂದರೆ ಹೊಸ ಕಾರಿನ ಮೊದಲ ವರ್ಷದಲ್ಲಿ ಮಾಡುವ ಸಣ್ಣ ಕ್ಲೇಮ್ ಅಷ್ಟೊಂದು ದುಬಾರಿಯಲ್ಲ. ಏಣಿಯ ಮೇಲೆ ಹೋದಷ್ಟೂ ಬೀಳುವ ಪೆಟ್ಟು ಜೋರು.

ಇದರಲ್ಲಿ ಒಂದು ಷರತ್ತು ಅಡಗಿದೆ. ಮುಂದಿನ ಐದು ವರ್ಷ ಬೇರೆ ಯಾವ ಕ್ಲೇಮೂ ಆಗುವುದಿಲ್ಲ ಎಂದುಕೊಂಡು ಮಾಡಿದ ಲೆಕ್ಕ ಇದು. ನಡುವೆ ದೊಡ್ಡ ಅಪಘಾತವೊಂದಾದರೆ ಬೋನಸ್ ಹೇಗೂ ಸೊನ್ನೆಯಾಗುತ್ತದೆ. ಆಗ ಸಣ್ಣ ಕ್ಲೇಮಿನಿಂದ ಆದ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ 9,700 ಎಂಬುದು ಗರಿಷ್ಠ ನಷ್ಟ, ಖಚಿತ ನಷ್ಟವಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಪ್ರಕರಣದ ಕೊನೆಯಲ್ಲಿ ಇದೇ ಮತ್ತೆ ಬರುತ್ತದೆ.

ಆದರೆ ನಿರ್ಧಾರವನ್ನು ನಿಜವಾಗಿ ತೂಗಿದ್ದು ಇನ್ನೊಂದು ಅಂಕಿ. ಹೊರಗಿನ ಟಿಂಕರಿಂಗ್ ಗ್ಯಾರೇಜಿನವರು ಸೀಳಿದ ಬಂಪರನ್ನು ಬದಲಿಸದೆ ಪ್ಲಾಸ್ಟಿಕ್ ವೆಲ್ಡ್ ಮಾಡಿ, ಬಾಗಿಲನ್ನು ತಟ್ಟಿ, ಎರಡಕ್ಕೂ ಬಣ್ಣ ಹೊಡೆದುಕೊಡಲು 6,500 ಕೇಳಿದರು. ಕ್ಲೇಮಿನ ಬಿಲ್ಲಿಗೂ ಸ್ವಂತ ಬಿಲ್ಲಿಗೂ ಹಲವು ಸಲ ಹೀಗೆ ವ್ಯತ್ಯಾಸವಿರುತ್ತದೆ, ಏಕೆಂದರೆ ಕ್ಲೇಮ್ ಆದಾಗ ಶೋರೂಂನವರು ಸರಿಮಾಡುವ ಬದಲು ಬದಲಾಯಿಸುವ ಕಡೆಗೆ ವಾಲುತ್ತಾರೆ. ಬಂಪರಿನ ಸೀಳು ಮೂಲೆಯಲ್ಲಿತ್ತು, ಹಿಡಿಕೆಯ ಕೊಂಡಿಗಳು ಮುರಿದಿರಲಿಲ್ಲ. ಹಾಗಾಗಿ ವೆಲ್ಡಿಂಗ್ ನಿಲ್ಲುತ್ತದೆ ಎಂಬ ಗ್ಯಾರೇಜಿನವರ ಮಾತು ನಂಬುವಂತಿತ್ತು. ಕೊಂಡಿಯೇ ಮುರಿದಿದ್ದರೆ ಹೊಸ ಬಂಪರ್ ಬೇಕಾಗುತ್ತಿತ್ತು.

ಅವತ್ತು ಝೀರೋ ಡೆಪ್ ಇದ್ದಿದ್ದರೆ? ಎರಡು ಕ್ಲೇಮಿಗೆ ಕಡಿತ 2,000, ಕ್ಲಿಪ್ಪುಗಳ 400, ಬೋನಸ್ ನಷ್ಟ 9,700. ಒಟ್ಟು 12,100. ಶೋರೂಂ ಬಿಲ್ಲು 12,000. ಆಗಲೂ ಕ್ಲೇಮಿನಿಂದ ಲಾಭವಿಲ್ಲ.

ಕ್ಲೇಮ್ ಹಿಂತೆಗೆದದ್ದು

ಮರುದಿನ ಬೆಳಿಗ್ಗೆ ಸರ್ವೇಯರ್ ಬರುವ ಮೊದಲೇ ಕಂಪನಿಯ ಇಮೇಲ್‌ಗೆ ನಾಲ್ಕು ಸಾಲು ಬರೆದರು: ಪಾಲಿಸಿ ನಂಬರ್, ಕಾರಿನ ನಂಬರ್, ಕ್ಲೇಮ್ ನಂಬರ್, ‘ಈ ಕ್ಲೇಮನ್ನು ಸ್ವಇಚ್ಛೆಯಿಂದ ಹಿಂತೆಗೆದುಕೊಳ್ಳುತ್ತಿದ್ದೇನೆ, ಯಾವುದೇ ಪಾವತಿ ಬೇಡ, ಫೈಲ್ ಮುಚ್ಚಿ ಲಿಖಿತವಾಗಿ ತಿಳಿಸಿ’. ಎರಡು ದಿನಕ್ಕೆ ‘ಪಾವತಿಯಿಲ್ಲದೆ ಮುಚ್ಚಲಾಗಿದೆ’ ಎಂಬ ಉತ್ತರ ಬಂತು.

ಆ ಉತ್ತರವನ್ನು ಉಳಿಸಿಕೊಂಡದ್ದು ದೊಡ್ಡ ಕೆಲಸವಾಯಿತು. ಮೇ ಕೊನೆಯಲ್ಲಿ ಬಂದ ನವೀಕರಣ ನೋಟಿಸಿನಲ್ಲಿ ಎನ್‌ಸಿಬಿ ಜಾಗದಲ್ಲಿ ಸೊನ್ನೆ ಇತ್ತು. ಕ್ಲೇಮ್ ನೋಂದಣಿಯಾದ ಗುರುತು ಒಂದು ಕಡೆ ಉಳಿದು, ಮುಚ್ಚಿದ ಮಾಹಿತಿ ನವೀಕರಣದ ವಿಭಾಗಕ್ಕೆ ತಲುಪಿರಲಿಲ್ಲ. ಇಮೇಲಿನ ಪ್ರತಿ ಕಳಿಸಿದ ಮೇಲೆ ಆರು ದಿನ ಹಿಡಿದು 50 ಶೇಕಡಾ ಸರಿಯಾಗಿ ಬಂತು. ಬರೀ ಫೋನಿನಲ್ಲಿ ‘ಕ್ಯಾನ್ಸಲ್ ಮಾಡಿ’ ಎಂದಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ನೋಟಿಸ್ ಬಂದ ಕೂಡಲೇ ಮೊದಲು ನೋಡಬೇಕಾದ್ದು ಒಟ್ಟು ಮೊತ್ತವನ್ನಲ್ಲ, ಎನ್‌ಸಿಬಿ ಸಾಲನ್ನು.

ಈ ಓಡಾಟದಲ್ಲಿ ಪಾಲಿಸಿ ಮುಗಿಯುವ ದಿನ ಹತ್ತಿರವಾಗಿತ್ತು. “ತೊಂಬತ್ತು ದಿನ ಟೈಮ್ ಇರತ್ತೆ ಬಿಡಿ” ಎಂದು ಸಹೋದ್ಯೋಗಿಯೊಬ್ಬರು ಧೈರ್ಯ ಹೇಳಿದರು. ಇದು ಅರ್ಧ ಸತ್ಯ. ಮುಗಿದ 90 ದಿನದೊಳಗೆ ನವೀಕರಿಸಿದರೆ ಉಳಿಯುವುದು ಬೋನಸ್ ಮಾತ್ರ. ವಿಮೆ ಮುಗಿದ ರಾತ್ರಿಯೇ ಮುಗಿಯುತ್ತದೆ. ನಡುವಿನ ದಿನಗಳಲ್ಲಿ ಏನಾದರೂ ಆದರೆ ಎಲ್ಲವೂ ನಮ್ಮ ತಲೆಯ ಮೇಲೆ. ಥರ್ಡ್ ಪಾರ್ಟಿ ವಿಮೆಯಿಲ್ಲದೆ ರಸ್ತೆಗಿಳಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಮತ್ತೆ ವಿಮೆ ಮಾಡಿಸುವಾಗ ಗಾಡಿಯ ತಪಾಸಣೆಯೂ ಆಗಬೇಕು. ಅವರು ಮುಗಿಯುವ ಮೂರು ದಿನ ಮೊದಲು ಕಟ್ಟಿದರು.

ಆ್ಯಡ್-ಆನ್‌ಗಳ ಆಯ್ಕೆ

ಈ ಸಲ ಅವರು ಮೂರು ಕಡೆ ದರ ಕೇಳಿದರು. ಒಂದು ಕಡೆ ಎಂಟುನೂರು ರೂಪಾಯಿ ಅಗ್ಗ ಕಂಡಿತು, ಆದರೆ ಅಲ್ಲಿ ಐಡಿವಿ, ಅಂದರೆ ಕಾರಿನ ಘೋಷಿತ ಬೆಲೆ, 2.9 ಲಕ್ಷಕ್ಕೆ ಇಳಿದಿತ್ತು. ಉಳಿದೆರಡು ಕಡೆ 3.6 ಲಕ್ಷ. ಕಾರು ಕಳವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ 75 ಶೇಕಡಾ ದಾಟಿ ‘ಟೋಟಲ್ ಲಾಸ್’ ಆದರೆ, ಸಿಗುವುದು ಈ ಮೊತ್ತದ ಲೆಕ್ಕದಲ್ಲಿ. ಎಂಟುನೂರು ಉಳಿಸಲು ಎಪ್ಪತ್ತು ಸಾವಿರದ ರಕ್ಷಣೆ ಬಿಡುವುದಾಗುತ್ತಿತ್ತು. ಐಡಿವಿಯನ್ನು ಒಂದೇ ಅಂಕಿಗೆ ಇಟ್ಟು ಮತ್ತೆ ಕೇಳಿದಾಗ ಆ ಅಗ್ಗ ಮಾಯವಾಯಿತು.

ಶೋರೂಂ ಕೊಟ್ಟ ಪೂರ್ತಿ ಪ್ಯಾಕೇಜು ಜಿಎಸ್‌ಟಿ ಸೇರಿ 14,297. ಅದರಲ್ಲಿ ಝೀರೋ ಡೆಪ್ 1,900, ಎಂಜಿನ್ ಪ್ರೊಟೆಕ್ಟ್ 700, ಬಳಕೆ ಸಾಮಗ್ರಿ 450, ಕೀ ಕಳೆದರೆ ಎಂಬುದಕ್ಕೆ 350, ಟೈರ್ 900, ರಸ್ತೆಬದಿ ನೆರವು 200, ಎನ್‌ಸಿಬಿ ಪ್ರೊಟೆಕ್ಟ್ 600 ಇದ್ದವು. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಅವರು ಏಪ್ರಿಲ್‌ನ ಲೆಕ್ಕದಿಂದಲೇ ಒಂದು ಅಳತೆ ಮಾಡಿಕೊಂಡರು. ಹತ್ತು ಸಾವಿರದೊಳಗಿನ ಹಾನಿಗೆ ಹೇಗೂ ಕ್ಲೇಮ್ ಮಾಡುವುದಿಲ್ಲ. ಹಾಗಾದರೆ ಸಣ್ಣ ಹಾನಿಗೆ ಮಾತ್ರ ಉಪಯೋಗಕ್ಕೆ ಬರುವ ಆ್ಯಡ್-ಆನ್ ಯಾಕೆ? ಕೀ ಮತ್ತು ಟೈರಿನದು ಅಲ್ಲೇ ಹೋಯಿತು. ರಸ್ತೆಬದಿ ನೆರವು ಕಾರು ತಯಾರಕರ ಕಡೆಯಿಂದ ಇನ್ನೂ ಇತ್ತು.

ಝೀರೋ ಡೆಪ್ ಉಳಿಯಿತು. ಗೀರಿಗೆ, ತಗ್ಗಿಗೆ ಅಂತಲ್ಲ, ಮುಂಭಾಗವೇ ನುಜ್ಜುಗುಜ್ಜಾಗುವ ದಿನಕ್ಕೆ. ಕಾರಿಗೆ ಐದು ವರ್ಷ ತುಂಬಿದ್ದರಿಂದ ಲೋಹಕ್ಕೂ 40 ಶೇಕಡಾ ಕಡಿತ ಬೀಳುತ್ತದೆ. ಹಳೆಯ ಕಾರಿಗೆ ಇದರ ಅಗತ್ಯ ಹೊಸದಕ್ಕಿಂತ ಹೆಚ್ಚು. ಆದರೆ ಅನೇಕ ಕಂಪನಿಗಳು ಐದು ವರ್ಷ ದಾಟಿದ ಕಾರಿಗೆ ಇದನ್ನು ಕೊಡುವುದೇ ಇಲ್ಲ. ಹಾಗಾಗಿ ಕಂಪನಿಯ ಆಯ್ಕೆಯನ್ನೇ ಇದು ನಿರ್ಧರಿಸಬೇಕಾಗಬಹುದು.

ಎಂಜಿನ್ ಪ್ರೊಟೆಕ್ಟ್ ಕೂಡ ಉಳಿಯಿತು, ಮಳೆಯ ಊರು ಎಂಬ ಕಾರಣಕ್ಕೆ. ನೀರು ನಿಂತ ರಸ್ತೆಯಲ್ಲಿ ಏರ್ ಇನ್‌ಟೇಕ್ ಮೂಲಕ ನೀರು ಸಿಲಿಂಡರಿಗೆ ಹೋಗಿ ಗಾಡಿ ನಿಂತುಬಿಡುತ್ತದೆ. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದರೆ, ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾದಾ ಪಾಲಿಸಿಯಲ್ಲಿ ಇದನ್ನು ‘ಆನಂತರದ ಹಾನಿ’ ಎಂದು ತಳ್ಳಿಹಾಕುತ್ತಾರೆ. ಆ್ಯಡ್-ಆನ್ ಇದ್ದರೂ ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗುವುದೇ ಸರಿ. ಷರತ್ತುಗಳು ಅಲ್ಲೂ ಇರುತ್ತವೆ.

ಪ್ರತಿ ಕ್ಲೇಮಿನಲ್ಲಿ ನಾವೇ ಇಷ್ಟು ಹೊರುತ್ತೇವೆ ಎಂದು ಒಪ್ಪಿ ರಿಯಾಯಿತಿ ಪಡೆಯುವ ‘ಸ್ವಇಚ್ಛೆಯ ಕಡಿತ’ವನ್ನೂ ನೋಡಿದರು. 2,500 ಹೊರಲು ಒಪ್ಪಿದರೆ ಓನ್ ಡ್ಯಾಮೇಜ್ ಮೇಲೆ 20 ಶೇಕಡಾ, ಆದರೆ 750 ರೂಪಾಯಿ ಮೀರುವಂತಿಲ್ಲ. ಅದರ ಮೇಲೆ ಎನ್‌ಸಿಬಿ ಲೆಕ್ಕ ಬೀಳುವುದರಿಂದ ನಿಜವಾಗಿ ಉಳಿಯುವುದು 375. ಅಷ್ಟಕ್ಕೆ 2,500ರ ಹೊಣೆ ಬೇಡವೆಂದು ಬಿಟ್ಟರು. 50 ಶೇಕಡಾ ಬೋನಸ್ ಇರುವವರಿಗೆ ಈ ರಿಯಾಯಿತಿ ಯಾವಾಗಲೂ ಅರ್ಧದಷ್ಟೇ ಬೆಲೆಬಾಳುತ್ತದೆ.

ಕೊನೆಗೆ ಓನ್ ಡ್ಯಾಮೇಜ್ 3,600, ಥರ್ಡ್ ಪಾರ್ಟಿ 3,416, ಝೀರೋ ಡೆಪ್ 1,900, ಎಂಜಿನ್ 700. ಜಿಎಸ್‌ಟಿ ಸೇರಿ 11,347. ಬೇರೆ ಕಡೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದುದರಿಂದ ಅದನ್ನು ಮತ್ತೆ ಕೊಳ್ಳಲಿಲ್ಲ. ಬಳಕೆ ಸಾಮಗ್ರಿ ಮತ್ತು ಎನ್‌ಸಿಬಿ ಪ್ರೊಟೆಕ್ಟ್ ಎರಡನ್ನೂ ಬಿಟ್ಟರು. ಮೊದಲನೆಯದು ಸರಿ. ಎರಡನೆಯದರ ಬಗ್ಗೆ ನಮಗೆ ತಕರಾರಿದೆ.

ಆಗಸ್ಟ್

ಆಗಸ್ಟ್‌ನಲ್ಲಿ ಮಳೆಯಲ್ಲಿ ತಿರುವೊಂದರಲ್ಲಿ ಕಾರು ಜಾರಿ ಮೋರಿಕಟ್ಟೆಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾನೆಟ್, ಫೆಂಡರ್, ಬಂಪರ್, ಒಂದು ಹೆಡ್‌ಲೈಟ್, ರೇಡಿಯೇಟರ್ ಹೋದವು. ಬಿಲ್ಲು 92,400. ಇದರಲ್ಲಿ ಕ್ಲೇಮ್ ಮಾಡಬೇಕೇ ಎಂಬ ಪ್ರಶ್ನೆಯೇ ಇರಲಿಲ್ಲ. ಕಡ್ಡಾಯ ಕಡಿತ 1,000, ಕೂಲಂಟ್ ನಟ್ಟು ಬೋಲ್ಟುಗಳಿಗೆ 1,800 ಬಿಟ್ಟು 89,600 ರೂಪಾಯಿಯನ್ನು ಕಂಪನಿ ಕೊಟ್ಟಿತು. ಝೀರೋ ಡೆಪ್ ಇಲ್ಲದಿದ್ದರೆ ಲೋಹದ 38,000ದಲ್ಲಿ 15,200, ಪ್ಲಾಸ್ಟಿಕ್‌ನ 19,000ದಲ್ಲಿ 9,500, ಪೇಂಟಿಂಗ್‌ನ 12,000ದಲ್ಲಿ 1,500, ಒಟ್ಟು 26,200 ಅವರ ಕೈಯಿಂದ ಹೋಗುತ್ತಿತ್ತು. ಅದಕ್ಕೆ ಕಟ್ಟಿದ್ದು ಜಿಎಸ್‌ಟಿ ಸೇರಿ 2,242.

ಈಗ ಹಿಂದಿರುಗಿ ನೋಡಿದರೆ, ಏಪ್ರಿಲ್‌ನಲ್ಲಿ ಕ್ಲೇಮ್ ಮಾಡದಿದ್ದದ್ದು ವ್ಯರ್ಥವಾಯಿತೇ? ಬೋನಸ್ ಹೇಗೂ ಹೋಯಿತಲ್ಲ? ಕಾಯ್ದುಕೊಂಡ 50 ಶೇಕಡಾ ಒಂದೇ ಒಂದು ನವೀಕರಣಕ್ಕೆ ಬಂತು: 3,600, ಜಿಎಸ್‌ಟಿ ಸೇರಿ 4,248. ಏಪ್ರಿಲ್‌ನಲ್ಲಿ ನೇರವಾಗಿ ಎರಡು ಕ್ಲೇಮ್ ಮಾಡಿದ್ದರೆ ಅವರ ಪಾಲು 4,850, ಜೊತೆಗೆ ಈ 4,248, ಒಟ್ಟು 9,098. ಹೊರಗೆ ಮಾಡಿಸಿದ್ದಕ್ಕೆ ಆದದ್ದು 6,500. ದುರದೃಷ್ಟ ಬಂದು ಬೋನಸ್ ಒಂದೇ ವರ್ಷ ಬದುಕಿದರೂ 2,600ರಷ್ಟು ಉಳಿದಿತ್ತು. ಶೋರೂಂನಲ್ಲೇ 12,000 ಕೊಟ್ಟಿದ್ದರೆ ಮಾತ್ರ ಈ ಲೆಕ್ಕ ತಿರುಗಿಬೀಳುತ್ತಿತ್ತು. ನಿರ್ಧಾರವನ್ನು ಉಳಿಸಿದ್ದು ಬೋನಸ್ಸಿಗಿಂತ ಹೆಚ್ಚಾಗಿ ಹೊರಗಿನ ಗ್ಯಾರೇಜಿನ ದರ.

ಇನ್ನು ಎನ್‌ಸಿಬಿ ಪ್ರೊಟೆಕ್ಟ್. ಇದ್ದರೆ ವರ್ಷದಲ್ಲಿ ಒಂದು ಕ್ಲೇಮ್ ಆದರೂ ಬೋನಸ್ ಉಳಿಯುತ್ತದೆ; ಎಷ್ಟು ಕ್ಲೇಮಿನವರೆಗೆ, ಅದೇ ಕಂಪನಿಯಲ್ಲಿ ಮುಂದುವರಿದರೆ ಮಾತ್ರವೇ ಎಂಬುದನ್ನು ಷರತ್ತಿನಲ್ಲಿ ಓದಿಕೊಳ್ಳಬೇಕು. ಅದರ ಬೆಲೆ ಜಿಎಸ್‌ಟಿ ಸೇರಿ 708. 2025ರಿಂದ ಐದು ವರ್ಷದಲ್ಲಿ ಈಗ ಅವರು ಹೆಚ್ಚು ಕಟ್ಟಬೇಕಾಗಿರುವುದು ಸುಮಾರು 9,000. ಹನ್ನೆರಡು ವರ್ಷಕ್ಕೆ ಒಂದು ದೊಡ್ಡ ಅಪಘಾತವಾದರೂ ಆ 708 ಸಮವಾಗುತ್ತಿತ್ತು. 50ರ ಮೆಟ್ಟಿಲಿನಲ್ಲಿದ್ದು, ಮಳೆಯ ರಸ್ತೆಗಳಲ್ಲಿ ದಿನಾ ಓಡಾಡುವವರು ಇದನ್ನು ಕೀ, ಟೈರುಗಳ ಜೊತೆ ಒಂದೇ ಬುಟ್ಟಿಗೆ ಹಾಕಿ ಎಸೆದದ್ದು ತಪ್ಪಾಯಿತು ಎನ್ನುವುದು ನಮ್ಮ ಅಭಿಪ್ರಾಯ. ಶೋರೂಂ ಕೊಟ್ಟ ಪಟ್ಟಿಯಲ್ಲಿ ಅದು ಕೊನೆಯ ಸಾಲಿನಲ್ಲಿತ್ತು.

2025ರ ಜೂನ್‌ನಲ್ಲಿ ನವೀಕರಣ ಬಂತು, ಎನ್‌ಸಿಬಿ ಸೊನ್ನೆ. ಬೇರೆ ಕಂಪನಿಗೆ ಹೋಗಿ ‘ಕಳೆದ ವರ್ಷ ಕ್ಲೇಮ್ ಇಲ್ಲ’ ಎಂದು ಒತ್ತಿದರೆ 50 ಸಿಗುತ್ತದೆ ಎಂದು ಒಬ್ಬರು ಸೂಚಿಸಿದರು. ಹೊಸ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸುತ್ತದೆ, ಮುಂದಿನ ಕ್ಲೇಮಿನ ಹೊತ್ತಿಗೆ ಸುಳ್ಳು ಹೊರಬಿದ್ದರೆ ಹಣ ನಿಲ್ಲುತ್ತದೆ. ಅವರು ಇದ್ದದ್ದನ್ನೇ ಬರೆದು 6,600 ಪೂರ್ತಿ ಕಟ್ಟಿದರು. ಈ ಸಲ ಎನ್‌ಸಿಬಿ ಪ್ರೊಟೆಕ್ಟ್ ಬೇಕೆಂದು ಕೇಳಿದರು. ಕಾಪಾಡಲು ಬೋನಸ್ಸೇ ಇಲ್ಲದ್ದರಿಂದ ಆ ಸಾಲು ಪಟ್ಟಿಯಲ್ಲೇ ಇರಲಿಲ್ಲ.